ಕಾಫಿ ಕಡಲು ದಾಟಿತು, ಡಾಲರ್ ದಡ ಸೇರಿತೇ?

ಹಾಸನದ ಕ್ಯೂರಿಂಗ್ ವರ್ಕ್ಸ್ ಒಂದರಲ್ಲಿ ತುಂಬಿದ ಇಪ್ಪತ್ತಡಿ ಕಂಟೇನರ್ ಶಿರಾಡಿ ಘಾಟಿ ಇಳಿದು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತದೆ. ಒಳಗೆ 320 ಸೆಣಬಿನ ಚೀಲಗಳಿವೆ. ಚೀಲಕ್ಕೆ 60 ಕಿಲೋದಂತೆ ಒಟ್ಟು 19.2 ಟನ್ ರೊಬಸ್ಟಾ ಚೆರ್ರಿ. ಹೋಗಬೇಕಾದದ್ದು ಜೋರ್ಡಾನಿನ ಅಕಾಬಾ ಬಂದರಿಗೆ. ಟನ್ನಿಗೆ 5,500 ಡಾಲರ್, ಸಾಗಣೆ ಮತ್ತು ವಿಮೆ ಸೇರಿದ ಬೆಲೆ. ಅಂದರೆ ಒಂದು ಕಂಟೇನರಿಗೆ 1,05,600 ಡಾಲರ್. ಈ ಕಂಪನಿ, ಈ ಬೆಲೆ, ಈ ವ್ಯವಹಾರ ವಿವರಣೆಗಾಗಿ ನಾನೇ ಕಟ್ಟಿಕೊಂಡದ್ದು. ಆದರೆ ಇದರ ಸುತ್ತ ಬರುವ ಕಾಗದ, ನಿಯಮ, ಎಡವಟ್ಟುಗಳೆಲ್ಲ ರಫ್ತು ಕಚೇರಿಗಳಲ್ಲಿ ದಿನವೂ ನಡೆಯುವಂಥವು.

ಕಂಟೇನರ್ ಗೇಟು ದಾಟಿದ ದಿನ ಕಂಪನಿಯ ಇಆರ್‌ಪಿ ಮಾರಾಟವನ್ನು ಬರೆದುಕೊಳ್ಳುತ್ತದೆ. ದಾಸ್ತಾನು ಇಳಿಯುತ್ತದೆ, ಆದಾಯ ಏರುತ್ತದೆ. ದೇಶದೊಳಗಿನ ಮಾರಾಟವಾಗಿದ್ದರೆ ಆಮೇಲೆ ಉಳಿಯುವುದು ಹಣ ವಸೂಲಿ ಒಂದೇ. ರಫ್ತಿನಲ್ಲಿ ಕೆಲಸ ಶುರುವಾಗುವುದೇ ಆಗ. ಬ್ಯಾಂಕಿಗೆ ಕಾಗದ ಒಪ್ಪಿಸಿ, ಡಾಲರ್ ಬಂದು, ಕಸ್ಟಮ್ಸಿನಲ್ಲಿ ದಾಖಲಾದ ಶಿಪ್ಪಿಂಗ್ ಬಿಲ್ಲಿನ ಎದುರಿಗೆ ಆ ಡಾಲರ್ ಹೊಂದಿಕೆಯಾಗುವ ತನಕ ಸರ್ಕಾರದ ಕಣ್ಣಿನಲ್ಲಿ ಈ ರಫ್ತು ಮುಗಿದಿಲ್ಲ. ಇಷ್ಟು ಉದ್ದದ ದಾರಿಯನ್ನು ಇಆರ್‌ಪಿ ಕೊನೆಯವರೆಗೂ ಹಿಂಬಾಲಿಸಬೇಕು. ಬಹಳಷ್ಟು ಕಚೇರಿಗಳಲ್ಲಿ ಅದು ಗೇಟಿನ ಹತ್ತಿರವೇ ನಿಂತುಬಿಡುತ್ತದೆ, ಮಿಕ್ಕದ್ದು ಎಕ್ಸೆಲ್ ಹಾಳೆಗೂ ಒಬ್ಬ ಅನುಭವಿ ಗುಮಾಸ್ತರ ನೆನಪಿಗೂ ಬೀಳುತ್ತದೆ.

ಎಲ್‌ಸಿ ಎಂದು ಎಲ್ಲರೂ ಕರೆಯುವ ಲೆಟರ್ ಆಫ್ ಕ್ರೆಡಿಟ್‌ನಿಂದ ಶುರುಮಾಡೋಣ. ಜೋರ್ಡಾನಿನ ಖರೀದಿದಾರ ತನ್ನ ಬ್ಯಾಂಕಿಗೆ ಹೋಗಿ, ಹಾಸನದ ಈ ಕಂಪನಿಗೆ ಇಂಥ ಕಾಗದಗಳ ಮೇಲೆ ಹಣ ಕೊಡಿ ಎಂದು ಹೇಳುತ್ತಾನೆ. ಆ ಬ್ಯಾಂಕು ಕೊಡುತ್ತೇನೆಂದು ಬರೆದುಕೊಟ್ಟ ವಾಗ್ದಾನವೇ ಎಲ್‌ಸಿ. ಖರೀದಿದಾರ ಕೈಕೊಟ್ಟರೂ ಬ್ಯಾಂಕು ಕೊಡಲೇಬೇಕು, ಕಾಗದಗಳು ಎಲ್‌ಸಿಯ ಷರತ್ತಿಗೆ ತಕ್ಕಂತಿದ್ದರೆ ಮಾತ್ರ. ಪ್ಯಾರಿಸ್ಸಿನ ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿ ರೂಪಿಸಿದ ಯುಸಿಪಿ 600 ಎಂಬ ನಿಯಮಾವಳಿ 2007ರ ಜುಲೈ 1ರಿಂದ ಜಾರಿಯಲ್ಲಿದೆ. ಅದರ 39 ವಿಧಿಗಳಲ್ಲಿ ಐದನೆಯದು ಚಿಕ್ಕದು: ಬ್ಯಾಂಕುಗಳು ವ್ಯವಹರಿಸುವುದು ದಾಖಲೆಗಳೊಡನೆ, ಸರಕಿನೊಡನೆ ಅಲ್ಲ. ಕಾಫಿ ಎಷ್ಟು ಚೆನ್ನಾಗಿದ್ದರೂ ಬ್ಯಾಂಕಿನ ಪರಿಶೀಲಕರು ಅದನ್ನು ನೋಡುವುದಿಲ್ಲ, ಮೂಸುವುದಿಲ್ಲ. ಮೇಜಿನ ಮೇಲಿನ ಕಾಗದಗಳು ಒಂದಕ್ಕೊಂದು ತಾಳೆಯಾಗುತ್ತವೆಯೇ ಎಂದಷ್ಟೇ ನೋಡುತ್ತಾರೆ.

ಎಲ್‌ಸಿ ಬರುವುದು ಸ್ವಿಫ್ಟ್ ಸಂದೇಶವಾಗಿ, ಎಂಟಿ 700 ಎಂಬ ನಮೂನೆಯಲ್ಲಿ. ನಮ್ಮ ಉದಾಹರಣೆಯ ಸಂದೇಶದಲ್ಲಿ ಮುಖ್ಯವಾದ ಸಾಲುಗಳು ಹೀಗಿವೆ:

```
:31D:250515INDIA
:32B:USD105600,00
:43P:NOT ALLOWED
:44C:250430
:45A:320 BAGS INDIAN ROBUSTA COFFEE
CHERRY AB CROP 2024/25
:48:15
```

ಮೊದಲ ಸಾಲು ಎಲ್‌ಸಿಯ ಆಯುಸ್ಸು: 2025ರ ಮೇ 15, ಭಾರತದಲ್ಲಿ. ಎರಡನೆಯದು ಮೊತ್ತ. ಮೂರನೆಯದು, ಸರಕನ್ನು ಕಂತುಗಳಲ್ಲಿ ಕಳಿಸುವಂತಿಲ್ಲ ಎಂಬ ಷರತ್ತು. 44C ಹಡಗು ಹತ್ತಿಸಲು ಕೊನೆಯ ದಿನ, ಏಪ್ರಿಲ್ 30. 45A ಸರಕಿನ ವಿವರಣೆ. 48 ಎಂದರೆ ಹಡಗು ಹತ್ತಿಸಿದ ಮೇಲೆ 15 ದಿನದೊಳಗೆ ಕಾಗದಗಳು ಬ್ಯಾಂಕಿಗೆ ಸೇರಬೇಕು. ಈ ಸಾಲು ಇಲ್ಲದಿದ್ದರೆ ಯುಸಿಪಿ ಪ್ರಕಾರ 21 ದಿನ ಸಿಗುತ್ತಿತ್ತು.

ಹೆಚ್ಚಿನ ಇಆರ್‌ಪಿಗಳಲ್ಲಿ ಇಷ್ಟೂ ಮಾಹಿತಿಗೆ ಸಿಗುವ ಜಾಗವೆಂದರೆ ಸೇಲ್ಸ್ ಆರ್ಡರಿನಲ್ಲಿ ಎಲ್‌ಸಿ ನಂಬರಿಗೆಂದು ಇರುವ ಒಂದು ಖಾಲಿ ಪೆಟ್ಟಿಗೆ. ನಂಬರನ್ನು ಟೈಪಿಸಿ, ಸಂದೇಶದ ಪಿಡಿಎಫ್ ಅಂಟಿಸಿದರೆ ಆಯಿತು. ಪಿಡಿಎಫ್ ಯಾರನ್ನೂ ಎಚ್ಚರಿಸುವುದಿಲ್ಲ. ಎಲ್‌ಸಿಗೆ ಅದರದೇ ಒಂದು ದಾಖಲೆ ಇರಬೇಕು, ಅದರ ಪ್ರತಿ ಷರತ್ತಿಗೂ ಪ್ರತ್ಯೇಕ ಕಾಲಂ ಇರಬೇಕು, ಆ ದಾಖಲೆ ಆರ್ಡರಿಗೂ ಇನ್‌ವಾಯ್ಸಿಗೂ ಕೊಂಡಿಯಾಗಿರಬೇಕು. ಹಾಗಿದ್ದಾಗ ಏನಾಗುತ್ತದೆ, ಇಲ್ಲದಿದ್ದಾಗ ಏನಾಗುತ್ತದೆ ಎಂಬುದನ್ನು ಈ ಕಂಟೇನರಿನ ಜೊತೆಗೇ ಹೋಗಿ ನೋಡೋಣ.

ವಿವರಣೆಯಿಂದಲೇ ತೊಡಕು ಶುರು. ಕಂಪನಿಯ ಐಟಂ ಮಾಸ್ಟರಿನಲ್ಲಿ ಈ ಸರಕಿನ ಹೆಸರು ಬರೀ ‘ರೊಬಸ್ಟಾ ಚೆರ್ರಿ ಎಬಿ’. ಮನೆಯೊಳಗೆ ಅಷ್ಟು ಸಾಕು. ಆದರೆ ಯುಸಿಪಿಯ 18ನೇ ವಿಧಿಯಂತೆ ವಾಣಿಜ್ಯ ಇನ್‌ವಾಯ್ಸಿನ ವಿವರಣೆ ಎಲ್‌ಸಿಯಲ್ಲಿರುವುದಕ್ಕೆ ತಾಳೆಯಾಗಬೇಕು. ಬೇರೆ ಕಾಗದಗಳಲ್ಲಿ ಸರಕನ್ನು ಸಾಮಾನ್ಯ ಪದಗಳಲ್ಲಿ ಹೇಳಬಹುದು, ಎಲ್‌ಸಿಗೆ ವಿರುದ್ಧವಾಗದಿದ್ದರೆ ಸಾಕು. ಇನ್‌ವಾಯ್ಸಿಗೆ ಆ ರಿಯಾಯಿತಿ ಇಲ್ಲ. ಹಾಗಾಗಿ ಎಲ್‌ಸಿ ಇರುವ ಆರ್ಡರಿಗೆ ಇಆರ್‌ಪಿ ಐಟಂ ಮಾಸ್ಟರಿನ ಹೆಸರನ್ನು ಬದಿಗಿಟ್ಟು 45A ಸಾಲಿನ ಪಠ್ಯವನ್ನೇ, ಬೆಳೆವರ್ಷ ಸಮೇತ, ಅಕ್ಷರಶಃ ಇನ್‌ವಾಯ್ಸಿನ ಮೇಲೆ ಮುದ್ರಿಸಬೇಕು. ಬೆಳೆವರ್ಷ ಬಿಟ್ಟುಹೋದ ಇನ್‌ವಾಯ್ಸ್ ಕಣ್ಣಿಗೆ ಸರಿಯಾಗಿಯೇ ಕಾಣುತ್ತದೆ. ಬ್ಯಾಂಕಿನಲ್ಲಿ ಅದು ಡಿಸ್ಕ್ರೆಪನ್ಸಿ.

ಮುಂದಿನದು ದಿನಾಂಕ. 2025ರ ಏಪ್ರಿಲ್ 30 ಬಸವ ಜಯಂತಿ, ಕರ್ನಾಟಕದಲ್ಲಿ ಬ್ಯಾಂಕಿಗೆ ರಜೆ. ಕೊನೆಯ ದಿನ ರಜೆ ಬಿದ್ದರೆ ಮರುದಿನಕ್ಕೆ ಹೋಗುತ್ತದೆ ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ಎಲ್‌ಸಿಯಲ್ಲಿ ಅದು ಅರ್ಧ ಮಾತ್ರ ನಿಜ. ಕಾಗದ ಒಪ್ಪಿಸುವ ಕೊನೆಯ ದಿನ ಬ್ಯಾಂಕಿನ ರಜೆಯಾದರೆ ಮುಂದಿನ ಕೆಲಸದ ದಿನಕ್ಕೆ ಹೋಗುತ್ತದೆ. ಹಡಗು ಹತ್ತಿಸುವ ಕೊನೆಯ ದಿನ ಮಾತ್ರ ಯಾವ ರಜೆಗೂ ಜರುಗುವುದಿಲ್ಲ. 29ನೇ ವಿಧಿ ಇದನ್ನು ನೇರವಾಗಿ ಹೇಳುತ್ತದೆ. ಇಆರ್‌ಪಿಯಲ್ಲಿ ಎಲ್ಲ ದಿನಾಂಕಗಳಿಗೂ ಒಂದೇ ರಜಾಪಟ್ಟಿಯನ್ನು ಜೋಡಿಸಿದವರು ಇಲ್ಲಿ ತಪ್ಪು ಮಾಡುತ್ತಾರೆ. ಪರದೆ ಮೇ 2 ಎಂದು ತೋರಿಸುತ್ತಿರುತ್ತದೆ, ನಿಜವಾದ ಗಡುವು ಏಪ್ರಿಲ್ 30ಕ್ಕೇ ಮುಗಿದಿರುತ್ತದೆ.

ಹಡಗು ಹತ್ತಿದ ದಿನ ಎಂದರೆ ಬಿಲ್ ಆಫ್ ಲೇಡಿಂಗಿನ ಮೇಲೆ ಹಡಗು ಕಂಪನಿ ಹಾಕುವ ‘ಆನ್ ಬೋರ್ಡ್’ ದಿನಾಂಕ. ಬಂದರಿನ ಗೇಟಿಗೆ ಕಂಟೇನರ್ ಬಂದ ದಿನವಲ್ಲ, ಕಸ್ಟಮ್ಸ್ ರಫ್ತಿಗೆ ಅನುಮತಿ ಕೊಟ್ಟ ದಿನವೂ ಅಲ್ಲ. ನಮ್ಮ ಕಂಟೇನರ್ ಏಪ್ರಿಲ್ 28ಕ್ಕೆ ಹಡಗು ಹತ್ತಿತು ಎಂದಿಟ್ಟುಕೊಳ್ಳಿ. ಅದಕ್ಕೆ 15 ಕೂಡಿಸಿದರೆ ಮೇ 13. ಎಲ್‌ಸಿಯ ಆಯುಸ್ಸು ಮೇ 15. ಎರಡರಲ್ಲಿ ಮೊದಲು ಬರುವುದೇ ಕಾಗದಗಳಿಗೆ ಗಡುವು, ಅಂದರೆ ಮೇ 13. ಇಷ್ಟು ಸುಲಭದ ಲೆಕ್ಕವನ್ನೂ ಇಆರ್‌ಪಿ ಮಾಡಬೇಕಾದರೆ ಬಿಎಲ್ ದಿನಾಂಕವನ್ನು ಯಾರಾದರೂ ಅದೇ ದಿನ ಅದರೊಳಗೆ ತುಂಬಬೇಕು. ಕಾಗದವೆಲ್ಲ ಕೈಸೇರಿದ ಮೇಲೆ, ವಾರ ಕಳೆದು ತುಂಬಿದರೆ ಎಚ್ಚರಿಕೆ ಬರುವ ಹೊತ್ತಿಗೆ ಎಚ್ಚರಗೊಂಡು ಪ್ರಯೋಜನವಿರುವುದಿಲ್ಲ. ಇನ್ನೊಂದು ಮಾತು: ಮೊದಲ ಸಾಲಿನ ಕೊನೆಯಲ್ಲಿ INDIA ಎಂದಿದೆಯಲ್ಲ, ಅಲ್ಲಿ AMMAN ಎಂದಿದ್ದರೆ ಅದೇ ದಿನದೊಳಗೆ ಕಾಗದಗಳು ಜೋರ್ಡಾನಿನ ಬ್ಯಾಂಕನ್ನೇ ಮುಟ್ಟಬೇಕಾಗುತ್ತಿತ್ತು. ಕೊರಿಯರ್ ತಿನ್ನುವ ದಿನಗಳೆಲ್ಲ ನಮ್ಮ ಲೆಕ್ಕಕ್ಕೆ. ಇಂಥ ಎಲ್‌ಸಿ ಬಂದಾಗ ಸರಕು ತುಂಬುವ ಮುಂಚೆಯೇ ತಿದ್ದುಪಡಿ ಕೇಳುವುದು ಜಾಣತನ.

ಈಗ ಕ್ಯೂರಿಂಗ್ ವರ್ಕ್ಸಿನ ಅಂಗಳಕ್ಕೆ ಬನ್ನಿ, ಕಂಟೇನರಿಗೆ ಚೀಲ ತುಂಬುತ್ತಿದ್ದಾರೆ. ಎರಡು ಚೀಲಕ್ಕೆ ನೀರು ತಾಗಿದೆ. ಮೇಸ್ತ್ರಿ ಅವನ್ನು ಪಕ್ಕಕ್ಕಿಡುತ್ತಾರೆ. ಅವರ ಮಟ್ಟಿಗೆ ಅದು ಸರಿಯಾದ ಕೆಲಸವೇ. 318 ಚೀಲ ಹೋದರೆ ಏನಾಗುತ್ತದೆ? 120 ಕಿಲೋ ಕಡಿಮೆ, 660 ಡಾಲರ್ ಕಡಿಮೆ. ಶೇಕಡಾ ಒಂದಕ್ಕೂ ಕಮ್ಮಿ. ಯುಸಿಪಿಯಲ್ಲಿ ಶೇಕಡಾ 5ರಷ್ಟು ಹೆಚ್ಚುಕಡಿಮೆಗೆ ಅವಕಾಶವಿದೆ ಎಂದು ಯಾರೋ ನೆನಪಿಸಿಕೊಳ್ಳುತ್ತಾರೆ. ಅವಕಾಶ ಇದೆ, ಆದರೆ ಎಲ್‌ಸಿ ಪ್ರಮಾಣವನ್ನು ಚೀಲ, ಪೆಟ್ಟಿಗೆಗಳ ಎಣಿಕೆಯಲ್ಲಿ ಹೇಳಿರಬಾರದು. ‘19.2 ಟನ್’ ಎಂದಷ್ಟೇ ಬರೆದಿದ್ದರೆ ಬಚಾವಾಗುತ್ತಿದ್ದೆವು. ಇಲ್ಲಿ ‘320 ಚೀಲ’ ಎಂದಿದೆ. ಜೊತೆಗೆ ಕಂತಿಗೂ ಅವಕಾಶವಿಲ್ಲ. 318 ಚೀಲ ಹೋದರೆ ಅದು ಡಿಸ್ಕ್ರೆಪನ್ಸಿ, ಅದನ್ನು ತಪ್ಪಿಸಲು ಖರೀದಿದಾರನಿಂದ ತಿದ್ದುಪಡಿ ತರಿಸಬೇಕು.

ಇಲ್ಲಿ ಇಆರ್‌ಪಿ ಕೆಲಸಕ್ಕೆ ಬರುವುದು ಸರಳವಾದ ರೀತಿಯಲ್ಲಿ. ತುಂಬಿದ ಚೀಲದ ಎಣಿಕೆಯನ್ನು ಡೆಲಿವರಿ ಪರದೆಯಲ್ಲಿ ಹಾಕಿದ ಕೂಡಲೇ ಅದು ಎಲ್‌ಸಿಯ 320ರ ಜೊತೆ ಹೋಲಿಸಿ, ಸೀಲು ಹಾಕಲು ಬಿಡದೆ ತಡೆಯಬೇಕು. ಆಗ ಅದೇ ಲಾಟಿನಿಂದ ಎರಡು ಚೀಲ ತಂದು ತುಂಬಿದರೆ ಒಂದೆರಡು ಗಂಟೆಯ ವಿಳಂಬದಲ್ಲಿ ಮುಗಿಯಿತು. ಅದೇ ಲಾಟು ಎಂದು ಒತ್ತಿ ಹೇಳಲು ಕಾರಣವಿದೆ. ಪ್ರತಿ ಚೀಲದ ಮೇಲೂ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಗುರುತು ಇರುತ್ತದೆ: ಭಾರತದ ಸಂಖ್ಯೆ 14, ಆಮೇಲೆ ರಫ್ತುದಾರರ ಸಂಖ್ಯೆ, ಆಮೇಲೆ ಲಾಟಿನ ಸಂಖ್ಯೆ. ಕಾಫಿ ಮಂಡಳಿ ಕೊಡುವ ಮೂಲ ಪ್ರಮಾಣಪತ್ರದ ಮೇಲೂ ಅದೇ ಗುರುತು ಬರುತ್ತದೆ. ಬೇರೆ ಲಾಟಿನ ಎರಡು ಚೀಲ ತುಂಬಿದರೆ ಎಣಿಕೆ ಸರಿಹೋಯಿತು, ಗುರುತು ಕೆಟ್ಟಿತು.

ಚೀಲದ ತಪ್ಪು ಸಿಕ್ಕಿಬಿತ್ತು. ಆದರೆ ಇನ್ನೊಂದು ನುಸುಳಿಹೋಯಿತು, ಅದು ತೂಕದ್ದು. ಪ್ಯಾಕಿಂಗ್ ಲಿಸ್ಟನ್ನು ಇಆರ್‌ಪಿ ತಯಾರಿಸಿದೆ. ಖಾಲಿ ಚೀಲದ ತೂಕ ಸೇರಿಸಿ ಚೀಲಕ್ಕೆ 61 ಕಿಲೋ, ಒಟ್ಟು 19,520 ಕಿಲೋ. ಇನ್ನೊಂದು ಕಡೆ, ತುಂಬಿದ ಕಂಟೇನರನ್ನು ತೂಗಿಸಿ ಅದರ ದೃಢೀಕೃತ ತೂಕವನ್ನು ಹಡಗು ಕಂಪನಿಗೆ ತಿಳಿಸಲೇಬೇಕು. ಸಮುದ್ರ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದಡಿ 2016ರ ಜುಲೈ 1ರಿಂದ ಇದು ಕಡ್ಡಾಯ. ವೇಬ್ರಿಜ್ಜಿನ ಚೀಟಿಯಲ್ಲಿ ಬಂದ ತೂಕದಿಂದ ಖಾಲಿ ಕಂಟೇನರಿನ ತೂಕ ಕಳೆದಾಗ 19,560 ಕಿಲೋ ಉಳಿಯಿತು. ಹಡಗು ಕಂಪನಿಯ ಜಾಲತಾಣದಲ್ಲಿ ಬಿಎಲ್‌ಗಾಗಿ ವಿವರ ತುಂಬುವಾಗ, ಕೈಗೆ ಹತ್ತಿರವಿದ್ದ ಆ ಚೀಟಿಯನ್ನೇ ನೋಡಿ ಹುಡುಗ 19,560 ಎಂದು ಟೈಪಿಸಿದ. ಎರಡೂ ಪ್ರಾಮಾಣಿಕ ಅಂಕಿಗಳೇ. ದೊಡ್ಡ ವೇಬ್ರಿಜ್ಜಿನಲ್ಲಿ ನಲವತ್ತು ಕಿಲೋ ಆಚೀಚೆ ಆಗುವುದು ಸಾಮಾನ್ಯ. ಆದರೆ ಒಂದೇ ಸರಕಿಗೆ ಎರಡು ಕಾಗದಗಳಲ್ಲಿ ಎರಡು ಒಟ್ಟು ತೂಕ ಕಂಡರೆ ಬ್ಯಾಂಕು ಅದನ್ನು ಪರಸ್ಪರ ವಿರೋಧ ಎಂದೇ ಓದುತ್ತದೆ.

ಇದನ್ನು ತಡೆಯಬಹುದಾದ ಘಳಿಗೆ ಒಂದಿತ್ತು. ಹಡಗು ಕಂಪನಿ ಅಸಲು ಬಿಎಲ್ ಕೊಡುವ ಮೊದಲು ಕರಡನ್ನು ಕಳಿಸಿ ಒಪ್ಪಿಗೆ ಕೇಳುತ್ತದೆ. ಆ ಕರಡಿನ ತೂಕ, ಚೀಲ, ಗುರುತು, ಬಂದರಿನ ಹೆಸರು, ಕಂಟೇನರ್ ಮತ್ತು ಸೀಲ್ ಸಂಖ್ಯೆ ಇಷ್ಟನ್ನು ಇಆರ್‌ಪಿಯ ಪ್ಯಾಕಿಂಗ್ ಲಿಸ್ಟಿನ ಪಕ್ಕದಲ್ಲಿಟ್ಟು ಟಿಕ್ ಹಾಕದ ಹೊರತು ಒಪ್ಪಿಗೆ ಹೋಗಬಾರದು ಎಂಬ ಒಂದು ಹೆಜ್ಜೆ ಸಾಕಿತ್ತು. ಹೊರಗಿನವರ ಜಾಲತಾಣದಲ್ಲಿ ಕೈಯಿಂದ ಮತ್ತೆ ಟೈಪಿಸುವ ಪ್ರತಿ ಜಾಗವೂ ತಪ್ಪು ಹುಟ್ಟುವ ಜಾಗ. ಕಸ್ಟಮ್ಸ್ ಏಜೆಂಟರ ಕಚೇರಿ ಅಂಥದ್ದು, ಹಡಗು ಕಂಪನಿ, ವಿಮೆ ಕಂಪನಿಗಳು ಅಂಥವು. ಇಆರ್‌ಪಿ ಎಷ್ಟೇ ಶುದ್ಧವಾಗಿದ್ದರೂ ಅದರ ಹೊಸ್ತಿಲಾಚೆ ಏನು ಟೈಪಾಗುತ್ತದೆ ಎಂಬುದು ಅದಕ್ಕೆ ಗೊತ್ತಾಗದು. ಮರಳಿ ಬಂದ ಕಾಗದವನ್ನು ಒಳಗಿನ ದಾಖಲೆಯ ಜೊತೆ ಹೋಲಿಸುವುದೊಂದೇ ದಾರಿ.

ವಿಮೆಯದು ಒಂದೇ ಮಾತಿನಲ್ಲಿ ಮುಗಿಯುತ್ತದೆ. ಎಲ್‌ಸಿ ಬೇರೇನೂ ಹೇಳದಿದ್ದರೆ ಪಾಲಿಸಿ ಇನ್‌ವಾಯ್ಸ್ ಬೆಲೆಯ ಕನಿಷ್ಠ ಶೇಕಡಾ 110ಕ್ಕೆ, ಇಲ್ಲಿ 1,16,160 ಡಾಲರಿಗೆ, ಅದೇ ಕರೆನ್ಸಿಯಲ್ಲಿ ಇರಬೇಕು, ಅದರ ದಿನಾಂಕ ಹಡಗು ಹತ್ತಿದ ದಿನಕ್ಕಿಂತ ಈಚಿನದಾಗಿರಬಾರದು.

ಶಿಪ್ಪಿಂಗ್ ಬಿಲ್ಲಿನ ವಿಷಯ ಅಷ್ಟು ಬೇಗ ಮುಗಿಯುವುದಿಲ್ಲ. ಇದು ಹಡಗಿನ ಕಾಗದವಲ್ಲ, ಕಸ್ಟಮ್ಸಿಗೆ ನಾವು ಕೊಡುವ ಘೋಷಣೆ. ಐಸ್‌ಗೇಟ್ ಎಂಬ ಜಾಲತಾಣದ ಮೂಲಕ ಸಾಮಾನ್ಯವಾಗಿ ಏಜೆಂಟರು ಇದನ್ನು ಸಲ್ಲಿಸುತ್ತಾರೆ. ಮುಂದೆ ಹಣ ಹೊಂದಿಸುವ ಎಲ್ಲ ಕೆಲಸಕ್ಕೂ ಇದರ ಸಂಖ್ಯೆ, ದಿನಾಂಕ, ಬಂದರಿನ ಸಂಕೇತ ಈ ಮೂರೇ ಕೀಲಿಕೈ. ಇವು ಇಆರ್‌ಪಿಯ ಇನ್‌ವಾಯ್ಸಿಗೆ ಮರಳಿ ಬಂದು ಕೂರಬೇಕು. ಎರಡು ಸಂಗತಿಗಳಿಗೆ ಇಲ್ಲಿ ವಿಶೇಷ ಗಮನ ಬೇಕು.

ಒಂದು, ಇನ್‌ವಾಯ್ಸ್ ನಂಬರ್. ಜಿಎಸ್‌ಟಿ ನಿಯಮದಂತೆ ಅದು 16 ಅಕ್ಷರಗಳನ್ನು ಮೀರಬಾರದು. ಎಷ್ಟೋ ಕಡೆ ಇಆರ್‌ಪಿ ಒಂದು ಜಿಎಸ್‌ಟಿ ಇನ್‌ವಾಯ್ಸ್ ನಂಬರ್ ಕೊಡುತ್ತದೆ, ರಫ್ತು ವಿಭಾಗದವರು ತಮ್ಮ ಎಕ್ಸೆಲ್‌ನಲ್ಲಿ ಇನ್ನೊಂದು ರಫ್ತು ನಂಬರ್ ಇಟ್ಟುಕೊಳ್ಳುತ್ತಾರೆ. ಶಿಪ್ಪಿಂಗ್ ಬಿಲ್ಲಿಗೆ ಎರಡನೆಯದು ಹೋಗುತ್ತದೆ, ಜಿಎಸ್‌ಟಿ ರಿಟರ್ನಿಗೆ ಮೊದಲನೆಯದು. ಹುರಿಯದ ಕಾಫಿಬೀಜಕ್ಕೆ ಜಿಎಸ್‌ಟಿ ಇಲ್ಲದ ಕಾರಣ ಈ ಕಂಟೇನರಿಗೆ ಅದರ ಪೆಟ್ಟು ಬೀಳದು. ಐಜಿಎಸ್‌ಟಿ ಕಟ್ಟಿ ಕಳಿಸಿ ಮರುಪಾವತಿ ಪಡೆಯುವ ಬಟ್ಟೆ, ಯಂತ್ರಭಾಗಗಳ ರಫ್ತುದಾರರಿಗೆ ಮಾತ್ರ `SB005` ಎಂಬ ದೋಷಸಂಕೇತ ಬಾಯಿಪಾಠ. ನಂಬರ್ ತಾಳೆಯಾಗದೆ ಮರುಪಾವತಿ ನಿಂತಿದೆ ಎಂದು ಅದರರ್ಥ. ಒಂದು ಸರಕಿಗೆ ಒಂದೇ ನಂಬರ್, ಅದನ್ನು ಇಆರ್‌ಪಿಯೇ ಕೊಡಬೇಕು. ಇದರಲ್ಲಿ ರಾಜಿ ಕೂಡದು.

ಎರಡು, ಬೆಲೆಯ ವಿಂಗಡಣೆ. ಖರೀದಿದಾರನಿಗೆ ಬೇಕಾದದ್ದು 1,05,600 ಎಂಬ ಒಟ್ಟು ಬೆಲೆ. ಕಸ್ಟಮ್ಸಿಗೆ ಸಾಗಣೆ ಎಷ್ಟು, ವಿಮೆ ಎಷ್ಟು, ಅವನ್ನು ಕಳೆದು ಬಂದರಿನಲ್ಲಿ ಸರಕಿನ ಬೆಲೆ ಎಷ್ಟು ಎಂದು ಬಿಡಿಬಿಡಿಯಾಗಿ ಬೇಕು. ಹಡಗುಬಾಡಿಗೆ 1,200, ವಿಮೆ 150 ಡಾಲರ್ ಎಂದರೆ ಉಳಿಯುವುದು 1,04,250. ಈ ಮೂರೂ ಇಆರ್‌ಪಿಯ ಇನ್‌ವಾಯ್ಸಿನಲ್ಲಿ ಬೇರೆಬೇರೆ ಸಾಲಾಗಿ ಇಲ್ಲದಿದ್ದರೆ ಏಜೆಂಟರು ಅಂದಾಜಿನಲ್ಲಿ ಒಡೆಯುತ್ತಾರೆ, ನಮ್ಮ ಲೆಕ್ಕಕ್ಕೂ ಸರ್ಕಾರದ ಲೆಕ್ಕಕ್ಕೂ ಅಲ್ಲೇ ಬಿರುಕು ಬೀಳುತ್ತದೆ.

ಮೇ 6ರಂದು ಕಾಗದಗಳು ಬ್ಯಾಂಕಿಗೆ ಹೋದವು. ಪರಿಶೀಲಿಸಲು ಬ್ಯಾಂಕಿಗೆ ಹೆಚ್ಚೆಂದರೆ ಐದು ಕೆಲಸದ ದಿನಗಳಿವೆ. ಎರಡೇ ದಿನದಲ್ಲಿ ತೂಕದ ವ್ಯತ್ಯಾಸ ಸಿಕ್ಕಿತು. ಬಿಎಲ್ ತಿದ್ದಿಸಬೇಕೆಂದರೆ ಅಸಲು ಪ್ರತಿಗಳನ್ನೆಲ್ಲ ಹಡಗು ಕಂಪನಿಗೆ ಹಿಂದಿರುಗಿಸಿ ಹೊಸದು ಪಡೆಯಬೇಕು. ನಡುವೆ ಎರಡನೇ ಶನಿವಾರ, ಭಾನುವಾರ. ಮೇ 13 ಹತ್ತಿರವಿದೆ. ಕಂಪನಿ ಕಾಗದಗಳನ್ನು ಇದ್ದ ಹಾಗೆಯೇ ಕಳಿಸಿ, ಖರೀದಿದಾರನ ಒಪ್ಪಿಗೆ ಕೇಳಲು ತೀರ್ಮಾನಿಸಿತು. ಅವನು ಒಪ್ಪಿದ, ಅಲ್ಲಿನ ಬ್ಯಾಂಕು ಡಿಸ್ಕ್ರೆಪನ್ಸಿ ಶುಲ್ಕವೆಂದು 100 ಡಾಲರ್ ಮುರಿದುಕೊಂಡಿತು. ನೂರು ಡಾಲರ್ ದೊಡ್ಡದಲ್ಲ. ದೊಡ್ಡದು ಆ ಕೆಲವು ದಿನಗಳಲ್ಲಿ ಕಳೆದುಕೊಂಡ ರಕ್ಷಣೆ. ಕಾಗದದಲ್ಲಿ ದೋಷ ಕಂಡ ಘಳಿಗೆಯಿಂದ ಬ್ಯಾಂಕಿನ ವಾಗ್ದಾನ ಕಟ್ಟುವುದಿಲ್ಲ, ಹಣ ಖರೀದಿದಾರನ ಮರ್ಜಿಗೆ ಬೀಳುತ್ತದೆ. ಅಷ್ಟರಲ್ಲಿ ಕಾಫಿಯ ಬೆಲೆ ಬಿದ್ದಿದ್ದರೆ ಅವನು ಚೌಕಾಸಿಗೆ ಇಳಿಯಬಹುದಿತ್ತು, ಆಗ ಸರಕು ಅಕಾಬಾದಲ್ಲಿ, ಬಂದರಿನ ಬಾಡಿಗೆ ನಮ್ಮ ತಲೆಯ ಮೇಲೆ. ಎಲ್‌ಸಿಗಾಗಿ ಅಷ್ಟೆಲ್ಲ ಒದ್ದಾಡಿ ಕೊನೆಗೆ ಎಲ್‌ಸಿ ಇಲ್ಲದವರ ಸ್ಥಿತಿಗೇ ಬಂದಂತೆ.

ಇನ್ನು ಹಣ. ಇನ್‌ವಾಯ್ಸ್ ದಿನ ಡಾಲರಿಗೆ 85 ರೂಪಾಯಿ ಎಂದಿಟ್ಟುಕೊಳ್ಳೋಣ. ಇಆರ್‌ಪಿ 89,76,000 ರೂಪಾಯಿ ಬಾಕಿ ಎಂದು ಬರೆದುಕೊಂಡಿದೆ. ಮೇ ಕೊನೆಗೆ ಹಣ ಬಂತು. ಶುಲ್ಕ 100, ನಡುವಿನ ಬ್ಯಾಂಕುಗಳ ಖರ್ಚು 80, ಹೀಗೆ 180 ಡಾಲರ್ ಕಳೆದು 1,05,420 ಡಾಲರ್. ಆ ದಿನ ಬ್ಯಾಂಕು ಕೊಟ್ಟ ದರ 85.50. ಖಾತೆಗೆ ಬಿದ್ದದ್ದು 90,13,410 ರೂಪಾಯಿ.

ಲೆಕ್ಕದ ಗುಮಾಸ್ತರು ಪರದೆಯಲ್ಲಿ ಏನು ನೋಡುತ್ತಾರೆ? ಬರಬೇಕಾದದ್ದಕ್ಕಿಂತ 37,410 ರೂಪಾಯಿ ಹೆಚ್ಚೇ ಬಂದಿದೆ. ಅದನ್ನು ವಿನಿಮಯ ಲಾಭ ಎಂದು ಬರೆದು ಇನ್‌ವಾಯ್ಸನ್ನು ಮುಚ್ಚುತ್ತಾರೆ. ಲೆಡ್ಜರ್ ಸೊನ್ನೆಯಾಯಿತು, ಎಲ್ಲರಿಗೂ ಸಮಾಧಾನ. ನಿಜದಲ್ಲಿ ನಡೆದದ್ದು ಬೇರೆ. 1,05,600 ಡಾಲರಿನ ಮೇಲೆ ಐವತ್ತು ಪೈಸೆ ಏರಿದ್ದರಿಂದ 52,800 ರೂಪಾಯಿ ವಿನಿಮಯ ಲಾಭ. 180 ಡಾಲರ್ ಬ್ಯಾಂಕ್ ಖರ್ಚು, 85.50ರಂತೆ 15,390 ರೂಪಾಯಿ. ಒಂದರಿಂದ ಇನ್ನೊಂದನ್ನು ಕಳೆದರೆ ಅದೇ 37,410. ರೂಪಾಯಿಯಲ್ಲಿ ಎರಡೂ ಲೆಕ್ಕ ಒಂದೇ. ಆದರೆ ಮೊದಲನೆಯದರಲ್ಲಿ 180 ಡಾಲರಿನ ಕೊರತೆ ಗುರುತೇ ಇಲ್ಲದಂತೆ ಮಾಯವಾಗಿದೆ.

ನಮ್ಮ ಪುಸ್ತಕದಲ್ಲಿ ಮಾಯವಾದದ್ದು ರಿಸರ್ವ್ ಬ್ಯಾಂಕಿನಲ್ಲಿ ಹಾಗೇ ಇರುತ್ತದೆ. 2014ರಲ್ಲಿ ಅದು ಇಡಿಪಿಎಂಎಸ್ ಎಂಬ ವ್ಯವಸ್ಥೆಯನ್ನು ತಂದಿತು. ಕಸ್ಟಮ್ಸಿನ ಪ್ರತಿ ಶಿಪ್ಪಿಂಗ್ ಬಿಲ್ಲೂ ಅಲ್ಲಿಗೆ ಹೋಗಿ, ಅದರಲ್ಲಿ ನಮೂದಿಸಿದ ಬ್ಯಾಂಕಿನ ಪಟ್ಟಿಯಲ್ಲಿ ‘ಬಾಕಿ’ ಎಂದು ಕೂರುತ್ತದೆ. ಹಣ ಬಂದಾಗ ಬ್ಯಾಂಕು ಅದನ್ನು ಆ ಬಿಲ್ಲಿನ ಎದುರು ಹೊಂದಿಸಬೇಕು. ಅಲ್ಲಿನ ಲೆಕ್ಕ ಡಾಲರಿನದ್ದು. 1,05,600ಕ್ಕೆ 1,05,420 ಬಂದರೆ, 180 ಬ್ಯಾಂಕ್ ಖರ್ಚು ಎಂದು ನಾವು ಬರೆದುಕೊಟ್ಟು ಬ್ಯಾಂಕು ದಾಖಲಿಸುವ ತನಕ ಬಿಲ್ಲು ಮುಚ್ಚುವುದಿಲ್ಲ. ಆಮೇಲೊಂದು ದಿನ ಬ್ಯಾಂಕಿನಿಂದ ಬಾಕಿ ಬಿಲ್ಲುಗಳ ಪಟ್ಟಿ ಬರುತ್ತದೆ. ಲೆಡ್ಜರಿನಲ್ಲಿ ಎಲ್ಲ ಮುಚ್ಚಿದೆಯಲ್ಲ ಎಂದು ಕಚೇರಿ ಕಂಗಾಲಾಗುತ್ತದೆ. ಹಳೆಯ ಬ್ಯಾಂಕ್ ಸಲಹಾಪತ್ರಗಳನ್ನು ಹುಡುಕಿ, ಪ್ರತಿ ಬಿಲ್ಲಿಗೂ ಎಷ್ಟು ಡಾಲರ್ ಖರ್ಚಾಗಿತ್ತೆಂದು ಕೆದಕುವ ಕೆಲಸ ಶುರುವಾಗುತ್ತದೆ.

ಹಾಗಾಗಿ ರಫ್ತಿನ ಹಣವನ್ನು ಇಆರ್‌ಪಿ ಡಾಲರಿನಲ್ಲೇ ಹೊಂದಿಸಬೇಕು, ರೂಪಾಯಿ ಅದರ ಹಿಂದೆ ಬರಬೇಕು. ರೂಪಾಯಿಯಲ್ಲಿ ಹೊಂದಿಸಲು ಹೊರಟರೆ ಎಂದೂ ತಾಳೆಯಾಗದು. ಏಕೆಂದರೆ ದರಗಳೇ ಮೂರು: ಶಿಪ್ಪಿಂಗ್ ಬಿಲ್ಲಿನಲ್ಲಿರುವುದು ಕಸ್ಟಮ್ಸ್ ಪ್ರಕಟಿಸಿದ ದರ, ಪುಸ್ತಕದಲ್ಲಿರುವುದು ಇನ್‌ವಾಯ್ಸ್ ದಿನದ ದರ, ಖಾತೆಗೆ ಬಿದ್ದದ್ದು ಬ್ಯಾಂಕಿನ ದರ. ಮೂರಕ್ಕೂ ಬೇರೆಬೇರೆ ಕಾಲಂ ಬೇಕು. ಮಾರ್ಚ್ 31ಕ್ಕೆ ಬಾಕಿ ಉಳಿದ ಬಿಲ್ಲುಗಳನ್ನು ಅಂದಿನ ದರಕ್ಕೆ ಮರುಲೆಕ್ಕ ಹಾಕಿದಾಗಲೂ ಬದಲಾಗಬೇಕಾದದ್ದು ರೂಪಾಯಿ ಮಾತ್ರ, ಡಾಲರಿನ ಬಾಕಿಯನ್ನು ಮುಟ್ಟಬಾರದು.

ಎಲ್‌ಸಿಯ ವ್ಯವಹಾರದಲ್ಲಿ ಒಂದು ಬಿಲ್ಲಿಗೆ ಒಂದು ಪಾವತಿ ಬರುವುದರಿಂದ ಇದು ಇನ್ನೂ ಸುಲಭ. ಎಲ್‌ಸಿ ಇಲ್ಲದೆ ನಂಬಿಕೆಯ ಮೇಲೆ ಕೊಂಡುಕೊಳ್ಳುವ ಹಳೆಯ ಗಿರಾಕಿ ಐದು ಇನ್‌ವಾಯ್ಸುಗಳ ಹಣವನ್ನು ದುಂಡುಮೊತ್ತವಾಗಿ ಕಳಿಸಿ, ಹಿಂದಿನ ಸರಕಿನ ಗುಣಮಟ್ಟದ ತಕರಾರಿಗೆಂದು ಒಂದಿಷ್ಟನ್ನು ಮುರಿದುಕೊಂಡಿರುತ್ತಾನೆ. ಆ ಮೊತ್ತವನ್ನು ಯಾವ ಬಿಲ್ಲಿಗೆ ಎಷ್ಟು, ಕಡಿತ ಯಾವುದಕ್ಕೆ, ಯಾವ ಕಾರಣಕ್ಕೆ ಎಂದು ಬಿಡಿಸಿ ಬರೆಯುವ ಪರದೆ ಬೇಕು. 2023ರ ನವೆಂಬರಿನಿಂದ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಹಣ ಬಂದ ಪ್ರಮಾಣಪತ್ರವನ್ನು, ಅಂದರೆ ಇ-ಬಿಆರ್‌ಸಿಯನ್ನು, ರಫ್ತುದಾರರೇ ಸ್ವಯಂ ದೃಢೀಕರಿಸಿ ಪಡೆಯುತ್ತಾರೆ. ಬ್ಯಾಂಕು ಹಣ ಬಂದ ಸಂದೇಶವನ್ನಷ್ಟೇ ಕಳಿಸುತ್ತದೆ, ಅದನ್ನು ಶಿಪ್ಪಿಂಗ್ ಬಿಲ್ಲಿಗೆ ಜೋಡಿಸುವ ಹೊಣೆ ನಮ್ಮದು. ಜೋಡಣೆ ತಪ್ಪಿದರೆ ಈಗ ಬ್ಯಾಂಕನ್ನು ದೂರುವಂತಿಲ್ಲ.

ಇನ್ನೊಂದು ಸಣ್ಣ ಸಂಗತಿ ದೊಡ್ಡ ತಲೆನೋವಾಗುತ್ತದೆ. ಕಂಪನಿಗೆ ಎರಡು ಬ್ಯಾಂಕುಗಳಿವೆ ಎಂದುಕೊಳ್ಳಿ. ಶಿಪ್ಪಿಂಗ್ ಬಿಲ್ಲಿನಲ್ಲಿ ಏಜೆಂಟರು ಅಭ್ಯಾಸಬಲದಿಂದ ಒಂದು ಬ್ಯಾಂಕಿನ ಸಂಕೇತ ಹಾಕಿದ್ದಾರೆ, ಎಲ್‌ಸಿ ಬಂದದ್ದು ಇನ್ನೊಂದರ ಮೂಲಕ. ಬಾಕಿ ಒಂದು ಕಡೆ, ಹಣ ಇನ್ನೊಂದು ಕಡೆ. ಬಿಲ್ಲನ್ನು ಒಂದರಿಂದ ಇನ್ನೊಂದಕ್ಕೆ ವರ್ಗಾಯಿಸಲು ಎರಡೂ ಬ್ಯಾಂಕುಗಳ ಬಾಗಿಲು ಬಡಿಯಬೇಕು. ಎಲ್‌ಸಿಯ ದಾಖಲೆಯಲ್ಲೇ ಬ್ಯಾಂಕಿನ ಸಂಕೇತವಿದ್ದು, ಏಜೆಂಟರಿಗೆ ಹೋಗುವ ಸೂಚನೆಯಲ್ಲಿ ಅದು ತಾನಾಗಿ ಮುದ್ರಣವಾದರೆ ಈ ಓಡಾಟ ಇರುವುದಿಲ್ಲ.

ಹಣ ತರಿಸಿಕೊಳ್ಳಲು ಎಷ್ಟು ಕಾಲವಿದೆ? ರೂಢಿಯಲ್ಲಿದ್ದದ್ದು ರಫ್ತಾದ ದಿನದಿಂದ 9 ತಿಂಗಳು. ಕೋವಿಡ್ ಬಂದಾಗ, 2020ರ ಜುಲೈ 31ರವರೆಗಿನ ರಫ್ತುಗಳಿಗೆ ಅದು 15 ತಿಂಗಳಾಯಿತು, ಆಮೇಲಿನ ರಫ್ತುಗಳಿಗೆ ಮತ್ತೆ 9. 2025ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕು ಮತ್ತೆ 15 ತಿಂಗಳಿಗೆ ಏರಿಸಿತು. ಐದಾರು ವರ್ಷಗಳಲ್ಲಿ ಮೂರು ಸಲ ಬದಲಾದ ಈ ಅಂಕಿಯನ್ನು ಪ್ರೋಗ್ರಾಮಿನೊಳಗೆ 9 ಎಂದು ಬರೆದು ಮುಚ್ಚಿಟ್ಟವರು ಪ್ರತಿ ಸಲವೂ ಸಾಫ್ಟ್‌ವೇರ್‌ನವರಿಗೆ ಫೋನು ಮಾಡಬೇಕಾಯಿತು. ಯಾವ ದಿನದಿಂದ ಯಾವ ದಿನದವರೆಗೆ ಎಷ್ಟು ತಿಂಗಳು ಎಂಬ ಪುಟ್ಟ ಕೋಷ್ಟಕವಿದ್ದು, ಕಚೇರಿಯವರೇ ತಿದ್ದುವಂತಿದ್ದರೆ ಸಾಕಿತ್ತು. ಗಡುವಿನ ಎಚ್ಚರಿಕೆ ಕೊನೆಯ ವಾರದಲ್ಲಿ ಬಂದರೂ ಉಪಯೋಗವಿಲ್ಲ. ತಿಂಗಳುಗಳ ಮುಂಚೆ, ಗಿರಾಕಿಗೆ ಪತ್ರ ಬರೆಯಲೂ ಬ್ಯಾಂಕಿನಲ್ಲಿ ಅವಧಿ ವಿಸ್ತರಣೆ ಕೇಳಲೂ ಸಮಯವಿರುವಾಗ ಬರಬೇಕು.

ಇಷ್ಟೆಲ್ಲ ಮಾಡಿದರೂ ಇಆರ್‌ಪಿಯ ಕೈಗೆ ಸಿಗದ ಸಂಗತಿಗಳು ಉಳಿಯುತ್ತವೆ. ಎಲ್‌ಸಿಯ ಹೆಚ್ಚುವರಿ ಷರತ್ತುಗಳು 47A ಎಂಬ ಸಾಲಿನಲ್ಲಿ ಸಾದಾ ವಾಕ್ಯಗಳಾಗಿ ಬರುತ್ತವೆ: ಎಲ್ಲ ಕಾಗದಗಳ ಮೇಲೂ ಎಲ್‌ಸಿ ನಂಬರ್ ಇರಲಿ, ಮೂಲ ಪ್ರಮಾಣಪತ್ರಕ್ಕೆ ವಾಣಿಜ್ಯ ಮಂಡಳಿಯ ಮುದ್ರೆ ಬೀಳಲಿ, ಹೀಗೆ. ಇವನ್ನು ಒಬ್ಬ ಮನುಷ್ಯ ಕೂತು ಓದಿ, ಒಂದೊಂದನ್ನೂ ಒಂದು ಕೆಲಸವಾಗಿ ಬರೆದು, ಯಾರು ಮಾಡಬೇಕೆಂದು ಹೆಸರು ಹಾಕಬೇಕು. ಅದನ್ನು ಎಲ್‌ಸಿ ಬಂದ ದಿನವೇ ಮಾಡಬೇಕು. ಪೂರೈಸಲಾಗದ ಷರತ್ತು ಕಂಡರೆ ತಿದ್ದುಪಡಿ ಕೇಳಲು ಆಗ ಮಾತ್ರ ಕಾಲವಿರುತ್ತದೆ.

ಸಣ್ಣ ರಫ್ತುದಾರರಿಗೆ ನನ್ನದೊಂದು ಕೋರಿಕೆ. ಹೊಸ ಇಆರ್‌ಪಿ ಮಾರಲು ಬಂದವರು ಚಂದದ ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್ ಮುದ್ರಿಸಿ ತೋರಿಸುತ್ತಾರೆ. ಅದನ್ನು ಯಾವ ಸಾಫ್ಟ್‌ವೇರೂ ಮಾಡುತ್ತದೆ. ನಿಮ್ಮ ಹಳೆಯ ಕಡತದಿಂದ ಹಣ ಕಡಿಮೆ ಬಂದ ಒಂದು ಶಿಪ್ಪಿಂಗ್ ಬಿಲ್ಲನ್ನು ತೆಗೆದು ಅವರ ಮುಂದಿಡಿ. ಎಲ್‌ಸಿಯ ಗಡುವು, ಬಿಎಲ್ ದಿನಾಂಕ, ಬಂದ ಡಾಲರ್, ಮುರಿದ ಡಾಲರ್, ಅದರ ಕಾರಣ, ಉಳಿದ ಬಾಕಿ, ಇ-ಬಿಆರ್‌ಸಿ ನಂಬರ್ ಇಷ್ಟನ್ನೂ ಒಂದೇ ಪರದೆಯಲ್ಲಿ ತೋರಿಸಿ ಎಂದು ಕೇಳಿ. ತೋರಿಸಿದರೆ ಬೆಲೆಯ ಮಾತಾಡಿ. ಆಗದಿದ್ದರೆ ನಿಮ್ಮ ಎಕ್ಸೆಲ್ ಹಾಳೆಗೇ ಡಾಲರಿನ ಬಾಕಿಯ ಒಂದು ಕಾಲಂ ಸೇರಿಸಿಕೊಂಡು ಮುಂದುವರಿಯಿರಿ, ಇನ್ನೂ ಉತ್ತಮವಾದದ್ದು ಸಿಗುವ ತನಕ.